ಉಳಿದ ಗಂಟೆ ಎಲ್ಲಿ ಹೋಯಿತು?

“ಟೈಮ್ ಉಳಿತೈತಿ ಅಂತೀರಿ. ಉಳಿದ ಟೈಮಿಗೆ ಪಗಾರ ಕಡಿಮಿ ತಗೋತೀರೇನು?”

ಹೊಸ ತಂತ್ರಾಂಶ ಕೊಳ್ಳೋಣ ಎಂದು ಅಕೌಂಟೆಂಟ್ ಒಂದು ಹಾಳೆ ಬರೆದುಕೊಂಡು ಹೋದಾಗ ಹುಬ್ಬಳ್ಳಿಯ ಸಾವ್ಕಾರರೊಬ್ಬರು ಹೀಗೆ ಕೇಳಿದರು ಎಂದುಕೊಳ್ಳಿ. ಕೇಳಿದವರು ಜಿಪುಣರಿರಬಹುದು, ಆದರೆ ಪ್ರಶ್ನೆ ಸರಿಯಾದದ್ದೇ. ದುಡ್ಡು ಕೊಟ್ಟು ತಂತ್ರಾಂಶ ತರಿಸಲು ಬರೆಯುವ ಟಿಪ್ಪಣಿಯನ್ನು ದೊಡ್ಡ ಕಂಪನಿಗಳಲ್ಲಿ ‘ಬಿಸಿನೆಸ್ ಕೇಸ್’ ಎನ್ನುತ್ತಾರೆ. ಅಂಥ ಬಹುಪಾಲು ಟಿಪ್ಪಣಿಗಳು ಎಡವುವುದು ಇದೇ ಪ್ರಶ್ನೆಯ ಮುಂದೆ. ತಂತ್ರಾಂಶಕ್ಕೆ ಕೊಡುವ ಹಣ ಬ್ಯಾಂಕಿನಿಂದ ನಿಜವಾಗಿ ಹೊರಗೆ ಹೋಗುತ್ತದೆ. ಉಳಿಯುವ ಗಂಟೆ ಮಾತ್ರ ಹಾಳೆಯ ಮೇಲೆ ಉಳಿಯುತ್ತದೆ, ಸಂಬಳ ಮೊದಲಿನಷ್ಟೇ ಇರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆಂದು ತಿಳಿಯಲು ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕಹಾಕಿ ನೋಡೋಣ. ಸಂಸ್ಥೆಯೂ ಅದರ ಅಂಕಿಗಳೂ ಊಹೆಯವು, ಕೆಲಸ ಮಾತ್ರ ರಾಜ್ಯದ ಪ್ರತಿ ಮಂಡಿಯಲ್ಲೂ ತಿಂಗಳು ತಿಂಗಳು ನಡೆಯುವಂಥದ್ದು.

ನಮ್ಮ ಸಂಸ್ಥೆ ಪಂಪ್‌ಸೆಟ್ ಬಿಡಿಭಾಗ ಮತ್ತು ಎಲೆಕ್ಟ್ರಿಕಲ್ ಸಾಮಾನಿನ ಸಗಟು ವ್ಯಾಪಾರ ಮಾಡುತ್ತದೆ. ವರ್ಷದ ವಹಿವಾಟು ಸುಮಾರು 7 ಕೋಟಿ 30 ಲಕ್ಷ, ಅಂದರೆ ದಿನಕ್ಕೆ 2 ಲಕ್ಷ. ತಿಂಗಳಿಗೆ 900ರಷ್ಟು ಖರೀದಿ ಬಿಲ್ಲುಗಳು ಬರುತ್ತವೆ, ಲೆಕ್ಕ ನೋಡಲು ಇಬ್ಬರಿದ್ದಾರೆ. ಅವರ ತಲೆನೋವು ಜಿಎಸ್‌ಟಿ ತಾಳೆ. ಮಾಲು ಕೊಟ್ಟ ಪಾರ್ಟಿಗಳು ತಮ್ಮ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ಪೋರ್ಟಲ್‌ಗೆ ಏರಿಸಬೇಕು. 14ಕ್ಕೆ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ತಯಾರಾಗುತ್ತದೆ, ಯಾವ ಯಾವ ಬಿಲ್ಲಿನ ತೆರಿಗೆ ನಮ್ಮ ಹೆಸರಿಗೆ ಬಂದಿದೆ ಎಂಬುದು ಅದರಲ್ಲಿರುತ್ತದೆ. ಅದನ್ನು ನಮ್ಮ ಖರೀದಿ ಪುಸ್ತಕದೊಡನೆ ತಾಳೆ ನೋಡಿ, 20ರೊಳಗೆ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು. 2022ರ ಜನವರಿ 1ರಿಂದ, ಪಾರ್ಟಿ ಏರಿಸಿ ನಮಗೆ ಕಾಣಿಸಿದ ಬಿಲ್ಲಿಗೆ ಮಾತ್ರ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಪುಸ್ತಕದಲ್ಲಿದ್ದು ಪಟ್ಟಿಯಲ್ಲಿ ಇಲ್ಲದ ಬಿಲ್ಲು ಎಂದರೆ, ಪಾರ್ಟಿಗೆ ಕೊಟ್ಟಾಗಿರುವ ತೆರಿಗೆಯಷ್ಟು ಹಣವನ್ನು ಈ ತಿಂಗಳು ಮತ್ತೊಮ್ಮೆ ಕೈಯಿಂದ ಹಾಕಬೇಕು.

14ರಿಂದ 20, ಆರು ದಿನ. ನಡುವೆ ಒಂದು ಭಾನುವಾರ ಬರುವುದು ಹೆಚ್ಚುಕಡಿಮೆ ಖಚಿತ. ಈಗ ಈ ಕೆಲಸ ಎಕ್ಸೆಲ್‌ನಲ್ಲಿ ನಡೆಯುತ್ತಿದೆ. ಪಾರ್ಟಿಯವರು ಬಿಲ್ ನಂಬರನ್ನು 0087 ಎಂದು ಹಾಕಿರುತ್ತಾರೆ, ನಮ್ಮವರು 87 ಎಂದು ಬರೆದುಕೊಂಡಿರುತ್ತಾರೆ. ಅಷ್ಟಕ್ಕೇ VLOOKUP ಕೈ ಕೊಡುತ್ತದೆ. ತಾನೇ ತಾಳೆ ನೋಡಿಕೊಡುವ ತಂತ್ರಾಂಶ ಇದೆ, ವರ್ಷಕ್ಕೆ 36,000 ರೂಪಾಯಿ, ‘ಶೇಕಡಾ 80ರಷ್ಟು ಸಮಯ ಉಳಿತಾಯ’ ಎಂದು ಮಾರಾಟದವರು ಹೇಳಿ ಹೋಗಿದ್ದಾರೆ.

ಟಿಪ್ಪಣಿ ಬರೆಯುವವರು ಮೊದಲು ಮಾಡಬೇಕಾದದ್ದು, ಆ 80ನ್ನು ಬದಿಗಿಟ್ಟು ಈಗ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಅಳೆಯುವುದು. ಬಾಯಿಮಾತಲ್ಲಿ ಕೇಳಿದರೆ “ವಾರ ಪೂರ್ತಿ ಇದೇ ಆಗುತ್ತೆ ಸರ್” ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಮನಸ್ಸು ನೆನಪಿಟ್ಟುಕೊಳ್ಳುವುದು ಅತಿ ಕೆಟ್ಟ ತಿಂಗಳನ್ನು. ಮೇಜಿನ ಮೇಲೊಂದು ನೋಟ್‌ಬುಕ್ ಇಟ್ಟು, ಎರಡು ತಿಂಗಳು ಕಾಲು ಗಂಟೆಯ ಲೆಕ್ಕದಲ್ಲಿ, ಹಂತ ಹಂತವಾಗಿ ಬರೆದಿಡಬೇಕು. ವರ್ಷಾಂತ್ಯದ ಗಲಾಟೆಯ ಮಾರ್ಚ್-ಏಪ್ರಿಲ್ ಬೇಡ, ಸಾಮಾನ್ಯ ತಿಂಗಳುಗಳು ಸಾಕು. ಇನ್ನೊಂದು ಮಾತು: ಅಳತೆ ಡೆಮೊಗೆ ಮೊದಲೇ ಆಗಬೇಕು. ಚೆಂದದ ಡೆಮೊ ನೋಡಿದ ಮೇಲೆ ಹಳೆಯ ಕೆಲಸದ ಗಂಟೆಗಳು ತಾವಾಗಿಯೇ ಉಬ್ಬುತ್ತವೆ.

ನಮ್ಮ ಸಂಸ್ಥೆಯಲ್ಲಿ ಅಳೆದಾಗ ತಿಂಗಳಿಗೆ 46 ಗಂಟೆ ಬಂತು. ಪೋರ್ಟಲ್‌ನಿಂದ ಪಟ್ಟಿ ಇಳಿಸಿ ಜೋಡಿಸಲು 3 ಗಂಟೆ. ಸಾವ್ಕಾರರ ಮೊಬೈಲಿಗೆ ಬರುವ ಒಟಿಪಿಗಾಗಿ ಕಾಯುವ ಹೊತ್ತೂ ಇದರಲ್ಲಿ ಸೇರಿದೆ. ಬಿಲ್ಲಿಗೆ ಬಿಲ್ಲು ತಾಳೆ ನೋಡಲು 22. ಬಾರದ ಬಿಲ್ಲಿಗಾಗಿ ಪಾರ್ಟಿಗಳಿಗೆ ಫೋನ್ ಮಾಡಲು 14. ಪುಸ್ತಕದಲ್ಲಿ ತಿದ್ದಲು 5, ಸಾವ್ಕಾರರಿಗೆ ವರದಿ ಕೊಡಲು 2.

80 ಎಂಬ ಅಂಕಿಯ ಗುಟ್ಟು ಇಲ್ಲಿ ಬಯಲಾಗುತ್ತದೆ. ತಂತ್ರಾಂಶ ಕೈ ಹಾಕುವುದು ಮುಖ್ಯವಾಗಿ ಆ 22 ಗಂಟೆಗಳಿಗೆ. ಅದನ್ನು 5ಕ್ಕೆ ಇಳಿಸಿದರೆ ಆ ಹಂತದಲ್ಲಿ ಶೇಕಡಾ 77 ಉಳಿದಂತಾಯಿತು, ಮಾರಾಟದವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ. ಆದರೆ ಫೋನಿನ 14 ಗಂಟೆ ಅಷ್ಟಾಗಿ ಕರಗುವುದಿಲ್ಲ. ತಂತ್ರಾಂಶ ಪಾರ್ಟಿಗೆ ತಾನೇ ಮೇಲ್ ಕಳಿಸುತ್ತದೆ, ನಿಜ. ಮೇಲ್ ನೋಡದ ಪಾರ್ಟಿಗೆ ಫೋನ್ ಮಾಡಲೇಬೇಕು, ಹಬ್ಬದ ಕುಶಲ ವಿಚಾರಿಸಿಯೇ ಬಿಲ್ಲಿನ ಮಾತು ತೆಗೆಯಬೇಕು. ಅಲ್ಲಿ 3 ಗಂಟೆ ಉಳಿಯಬಹುದು. ಪಟ್ಟಿ ಇಳಿಸುವುದರಲ್ಲಿ 2, ವರದಿಯಲ್ಲಿ 1. ಒಟ್ಟು ಉಳಿಯುವುದು 23 ಗಂಟೆ, 46ರಲ್ಲಿ ಅರ್ಧ.

ಆ 22 ಗಂಟೆ 5ಕ್ಕೆ ಇಳಿಯುತ್ತದೆಂದು ಗೊತ್ತಾಗುವುದು ಹೇಗೆ? ಮಾರಾಟದವರು ತಂದ ಮಾದರಿ ಕಡತದಿಂದ ಗೊತ್ತಾಗುವುದಿಲ್ಲ. ಅದರಲ್ಲಿ ಎಲ್ಲ ಬಿಲ್ ನಂಬರುಗಳೂ ಸಾಲಾಗಿ, ಶುಚಿಯಾಗಿ ಇರುತ್ತವೆ. ನಾವು ಈಗಾಗಲೇ ಕೈಯಿಂದ ತಾಳೆ ಮಾಡಿ ಮುಗಿಸಿದ ತಿಂಗಳೊಂದರ ಖರೀದಿ ಪುಸ್ತಕ ಮತ್ತು 2ಬಿ ಪಟ್ಟಿಯನ್ನು ಕೊಟ್ಟು, ಅವರ ಎದುರಲ್ಲೇ ಓಡಿಸಬೇಕು. ಉತ್ತರ ನಮಗೆ ಮೊದಲೇ ಗೊತ್ತಿರುವುದರಿಂದ ಎರಡು ವಿಷಯ ಅಳೆಯಬಹುದು. ತಂತ್ರಾಂಶ ಕೈಬಿಟ್ಟ ಬಿಲ್ಲುಗಳೆಷ್ಟು ಎಂಬುದು ಮೊದಲನೆಯದು, ಇದನ್ನು ಎಲ್ಲರೂ ನೋಡುತ್ತಾರೆ. ತಾಳೆಯಾಗಿದೆ ಎಂದು ತಪ್ಪಾಗಿ ಹಸಿರು ಬಣ್ಣ ಹಚ್ಚಿದ ಬಿಲ್ಲುಗಳೆಷ್ಟು ಎಂಬುದು ಎರಡನೆಯದು. ಒಂದೇ ಪಾರ್ಟಿಯಿಂದ ಒಂದೇ ವಾರದಲ್ಲಿ ಒಂದೇ ಮೊತ್ತದ ಎರಡು ಬಿಲ್ಲು ಬಂದಾಗ, ನಂಬರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಪರವಾಗಿಲ್ಲ ಎನ್ನುವ ತಂತ್ರಾಂಶ ಅದಲುಬದಲು ಮಾಡಿಬಿಡಬಹುದು. ಕೈಬಿಟ್ಟ ಬಿಲ್ಲು ಗಂಟೆ ತಿನ್ನುತ್ತದೆ, ಅಷ್ಟೇ. ತಪ್ಪು ಹಸಿರಿನ ಬಿಲ್ಲು ಯಾರ ಕಣ್ಣಿಗೂ ಬೀಳದೆ ನೋಟಿಸ್ ರೂಪದಲ್ಲಿ ವಾಪಸ್ ಬರುತ್ತದೆ. ಹಾಗೆ ತಪ್ಪಾಗಿ ಪಡೆದು ಬಳಸಿಕೊಂಡ ಕ್ರೆಡಿಟ್‌ಗೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುತ್ತದೆ.

ಇನ್ನು ಗಂಟೆಯ ಬೆಲೆ. ಸಂಬಳ 24,000, ದಿನಕ್ಕೆ 8 ಗಂಟೆ, 30 ದಿನ ಎಂದು ಭಾಗಿಸಿದರೆ ಗಂಟೆಗೆ 100 ರೂಪಾಯಿ ಬರುತ್ತದೆ. ಇದು ತಪ್ಪು ಲೆಕ್ಕ. ಸಂಸ್ಥೆಗೆ ಬೀಳುವ ಖರ್ಚು ಸಂಬಳಕ್ಕಿಂತ ಹೆಚ್ಚು, ಕೆಲಸ ನಡೆಯುವ ದಿನಗಳು 30ಕ್ಕಿಂತ ಕಡಿಮೆ. 15,000 ಮೂಲವೇತನದ ಮೇಲೆ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಜೊತೆಗಿನ ಶುಲ್ಕ ಸೇರಿ 1,950, ಗ್ರಾಚ್ಯುಟಿಗೆಂದು ಎತ್ತಿಡಬೇಕಾದದ್ದು ಸುಮಾರು 720, ದೀಪಾವಳಿ ಬೋನಸ್ ಒಂದು ತಿಂಗಳದ್ದಾದರೆ ತಿಂಗಳಿಗೆ 2,000. ಒಟ್ಟು 28,670, ವರ್ಷಕ್ಕೆ 3,44,040. ಭಾನುವಾರ, ಹಬ್ಬ, ರಜೆ ಕಳೆದು 286 ದಿನ ಕೆಲಸವಾದರೆ 2,288 ಗಂಟೆ. ಭಾಗಿಸಿದರೆ ಗಂಟೆಗೆ 150 ರೂಪಾಯಿ.

ಈ 150 ಕೈಗೆ ಬಂದ ಮೇಲೆ ಒಂದೇ ಸಾಲಿನಲ್ಲಿ ಬಹಳಷ್ಟು ಹೇಳಬಹುದು. 36,000 ಎಂದರೆ ತಿಂಗಳಿಗೆ 3,000. ಅದನ್ನು 150ರಿಂದ ಭಾಗಿಸಿದರೆ 20. ತಿಂಗಳಿಗೆ 20 ಗಂಟೆ ಉಳಿಸಿದರೆ ಮಾತ್ರ ಈ ತಂತ್ರಾಂಶ ತನ್ನ ಖರ್ಚನ್ನು ತಾನೇ ಹೊರುತ್ತದೆ. ನನ್ನ ಮಟ್ಟಿಗೆ ಇಡೀ ಟಿಪ್ಪಣಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಅಂಕಿ ಇದು. ಲಾಭ ಇಷ್ಟು ಲಕ್ಷ ಎಂದು ಬರೆದರೆ ಯಾರೂ ನಂಬುವುದಿಲ್ಲ. ‘20 ಗಂಟೆ ಉಳಿಯುತ್ತದೋ ಇಲ್ಲವೋ ನೀವೇ ಹೇಳಿ’ ಎಂದರೆ, ಕೆಲಸ ಗೊತ್ತಿರುವ ಯಾರು ಬೇಕಾದರೂ ವಾದಕ್ಕೆ ಕೂರಬಹುದು. ಇದೇ ತಂತ್ರಾಂಶವನ್ನು ಗಂಟೆಗೆ 1,000 ರೂಪಾಯಿ ಬೀಳುವವರು ಕೂತಿರುವ ಬೆಂಗಳೂರಿನ ಕಚೇರಿಯೊಂದರಲ್ಲಿ ಇಟ್ಟರೆ ತಿಂಗಳಿಗೆ 3 ಗಂಟೆ ಉಳಿದರೂ ಸಾಕು. ವಿದೇಶಿ ತಂತ್ರಾಂಶಗಳ ಜಾಲತಾಣದಲ್ಲಿ ‘ನಿಮ್ಮ ಉಳಿತಾಯ ಲೆಕ್ಕಹಾಕಿ’ ಎಂಬ ಪೆಟ್ಟಿಗೆ ಇರುತ್ತದಲ್ಲ, ಅದರಲ್ಲಿ ಮೊದಲೇ ತುಂಬಿಟ್ಟ ಗಂಟೆಯ ಬೆಲೆ ಅವರ ದೇಶದ್ದು. ಅದನ್ನು ರೂಪಾಯಿಗೆ ತಿರುಗಿಸಿ ಹುಬ್ಬಳ್ಳಿಯ ಹಾಳೆಗೆ ಅಂಟಿಸಿದರೆ ಯಾವ ತಂತ್ರಾಂಶವಾದರೂ ಬಂಗಾರವಾಗಿ ಕಾಣುತ್ತದೆ.

ನಮ್ಮ 23 ಗಂಟೆ 20ಕ್ಕಿಂತ ಹೆಚ್ಚು. ಹಾಗಾದರೆ ಕೊಳ್ಳಬಹುದಲ್ಲ? ವರ್ಷಕ್ಕೆ 41,400 ಉಳಿತಾಯ, 36,000 ಖರ್ಚು, 5,400 ಲಾಭ. ಇಲ್ಲಿಗೆ ನಿಲ್ಲಿಸಿದ ಟಿಪ್ಪಣಿ ಚೆಂದವಾಗಿರುತ್ತದೆ, ಆದರೆ ಮೊದಲ ವರ್ಷದಲ್ಲೇ ಬಣ್ಣ ಬಿಡುತ್ತದೆ.

ಮೊದಲ ವರ್ಷ ಅಳವಡಿಕೆಯ ಶುಲ್ಕವೆಂದು 8,000 ಕೇಳುತ್ತಾರೆ. ಇಬ್ಬರೂ ಕಲಿಯಬೇಕು, ಪಾರ್ಟಿಗಳ ಹೆಸರು ಮತ್ತು ಜಿಎಸ್‌ಟಿ ನಂಬರುಗಳನ್ನು ಸರಿಪಡಿಸಬೇಕು, ನಂಬಿಕೆ ಬರುವತನಕ ಹಳೆಯ ಎಕ್ಸೆಲ್ಲನ್ನೂ ಜೊತೆಗೇ ಓಡಿಸಬೇಕು. ಈ ಜೋಡಿ ಓಟವನ್ನು ಟಿಪ್ಪಣಿಯಲ್ಲಿ ಬರೆದವರನ್ನು ನಾನು ಕಂಡದ್ದು ಅಪರೂಪ, ಆದರೆ ತೆರಿಗೆ ಕೆಲಸದಲ್ಲಿ ಅದನ್ನು ತಪ್ಪಿಸಲಾಗದು. ಎಲ್ಲ ಸೇರಿ 70 ಗಂಟೆ, ಅಂದರೆ 10,500 ರೂಪಾಯಿ. ಮೊದಲ ಮೂರು ತಿಂಗಳು ಉಳಿತಾಯವೂ ಇಲ್ಲ, ಉಳಿದ ಒಂಬತ್ತು ತಿಂಗಳಲ್ಲಿ ಬರುವುದು 31,050. ಖರ್ಚು 54,500. ಮೊದಲ ವರ್ಷ 23,450 ಕೈಬಿಟ್ಟಿತು. ಮುಂದಿನ ಎರಡು ವರ್ಷ ತಲಾ 5,400 ಬಂದರೂ, ಮೂರು ವರ್ಷ ಮುಗಿದಾಗ 12,650 ಕೊರತೆಯೇ ಉಳಿಯುತ್ತದೆ. ಅದೂ ದರ ಏರಿಸದೆ ಇದ್ದರೆ.

36,000ದ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ ಇದೆ. ನಮ್ಮ ಸಂಸ್ಥೆ ಅದನ್ನು ಕ್ರೆಡಿಟ್ ಆಗಿ ವಾಪಸ್ ಪಡೆಯುವುದರಿಂದ ಖರ್ಚಿಗೆ ಸೇರಿಸಿಲ್ಲ. ರಾಜಿ ತೆರಿಗೆ ಅಂದರೆ ಕಾಂಪೋಸಿಷನ್‌ನಲ್ಲಿರುವ ಅಂಗಡಿಗಾಗಲಿ, ತೆರಿಗೆ ವಿನಾಯಿತಿಯ ಶಾಲೆಗಾಗಲಿ ಆ 6,480 ನಿಜವಾದ ಖರ್ಚೇ.

ಲೆಕ್ಕ ಇಲ್ಲಿಗೆ ಬಂದು ಮುಟ್ಟಿದಾಗ ಟಿಪ್ಪಣಿ ಬರೆಯುವವರಿಗೆ ಒಂದು ಆಸೆ ಹುಟ್ಟುತ್ತದೆ: ಗಂಟೆಗಳನ್ನು ಸ್ವಲ್ಪ ಹಿಗ್ಗಿಸೋಣ, 23ನ್ನು 30 ಮಾಡೋಣ. ಅದರ ಬದಲು ಕೇಳಬೇಕಾದ ಪ್ರಶ್ನೆ ಬೇರೆ. ನಾವು ಈ ತಂತ್ರಾಂಶವನ್ನು ಯಾವುದರ ಜೊತೆ ಹೋಲಿಸುತ್ತಿದ್ದೇವೆ? ಈಗಿನ ಎಕ್ಸೆಲ್ ಜೊತೆ. ಆದರೆ ಆಯ್ಕೆ ಇರುವುದು ಅವೆರಡೇ ಅಲ್ಲ. ಖರೀದಿ ಪುಸ್ತಕವನ್ನು 2ಬಿ ಪಟ್ಟಿಯೊಡನೆ ಹೋಲಿಸಲು ಜಿಎಸ್‌ಟಿ ಪೋರ್ಟಲ್ಲೇ ಒಂದು ಉಚಿತ ಆಫ್‌ಲೈನ್ ಸಾಧನ ಕೊಟ್ಟಿದೆ. ಟ್ಯಾಲಿಪ್ರೈಮ್‌ನಂಥ ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ತಾಳೆ ನೋಡುವ ಸೌಲಭ್ಯ ಒಳಗೇ ಇದೆ. ವರ್ಷಗಳಿಂದ ನವೀಕರಿಸದೆ ಹಳೆಯ ಆವೃತ್ತಿಯಲ್ಲೇ ಬಿಲ್ಲು ಹಾಕುತ್ತಿರುವ ಕಚೇರಿಗಳಿಗೆ ಇದು ಗೊತ್ತೇ ಇರುವುದಿಲ್ಲ.

ನಮ್ಮ ಸಂಸ್ಥೆಯ ಲೆಕ್ಕದ ತಂತ್ರಾಂಶವನ್ನು ನವೀಕರಿಸಲು ವರ್ಷಕ್ಕೆ 15,000 ಬೀಳುತ್ತದೆ, ಅದರೊಳಗಿನ ತಾಳೆ ಸೌಲಭ್ಯ ತಿಂಗಳಿಗೆ 14 ಗಂಟೆ ಉಳಿಸುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 25,200 ಉಳಿತಾಯ, 10,200 ಲಾಭ. ಮೊದಲ ವರ್ಷ ಕಲಿಕೆಗೆ 3,000 ಕಳೆದರೂ ಕೊರತೆ ಇಲ್ಲ. ಈಗ 36,000ದ ತಂತ್ರಾಂಶವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅದು ಹೆಚ್ಚಾಗಿ ಕೊಡುವುದು ತಿಂಗಳಿಗೆ 9 ಗಂಟೆ, ವರ್ಷಕ್ಕೆ 108. ಅದಕ್ಕಾಗಿ ಹೆಚ್ಚಾಗಿ ಕೊಡುವುದು 21,000. ಅಂದರೆ ಆ ಗಂಟೆಗಳನ್ನು ನಾವು ತಲಾ 194 ರೂಪಾಯಿಗೆ ಕೊಳ್ಳುತ್ತಿದ್ದೇವೆ. ನಮ್ಮ ಗಂಟೆಯ ಬೆಲೆ 150.

ಹಾಗೆಂದು 36,000ದ್ದು ಕೆಟ್ಟ ತಂತ್ರಾಂಶವಲ್ಲ. ಗಂಟೆಯ ಆಚೆಗೆ ಅದು ಏನಾದರೂ ಕೊಡುತ್ತದೆಯೇ ಎಂದು ನೋಡಬೇಕು, ಕೊಟ್ಟರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಈ ಕೆಲಸದಲ್ಲಿ ಅಂಥದ್ದು ಕಳೆದುಹೋಗುವ ಕ್ರೆಡಿಟ್. ಒಂದು ಹಣಕಾಸು ವರ್ಷದ ಬಿಲ್ಲಿನ ಕ್ರೆಡಿಟ್ಟನ್ನು ಮುಂದಿನ ನವೆಂಬರ್ 30ರೊಳಗೆ ತೆಗೆದುಕೊಳ್ಳಬೇಕು. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಆ ದಿನಕ್ಕೇ ಬಾಗಿಲು ಮುಚ್ಚಿತು. ಕಳೆದ ವರ್ಷ ನಮ್ಮಲ್ಲಿ ಹೀಗೆ ಮೂರು ಬಿಲ್ಲಿನ 26,000 ರೂಪಾಯಿ ಹೋಯಿತು ಎನ್ನಿ. ಇದು ಸಂಬಳದ ಗಂಟೆಯಂತಲ್ಲ, ಗಲ್ಲಾಪೆಟ್ಟಿಗೆಯಿಂದ ಹೋದ ಹಣ. ಆದರೂ ಇಡೀ 26,000ವನ್ನು ತಂತ್ರಾಂಶದ ಖಾತೆಗೆ ಜಮಾ ಮಾಡುವಂತಿಲ್ಲ. ಮೂರನ್ನೂ ಒಂದೊಂದಾಗಿ ತೆಗೆದು, ಹೋದದ್ದು ಯಾಕೆಂದು ನೋಡಬೇಕು. ಎರಡು ಬಿಲ್ಲು ಎಕ್ಸೆಲ್ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದೆ ಹೋದವು. ಇವನ್ನು ತಂತ್ರಾಂಶ ಹಿಡಿಯುತ್ತಿತ್ತು. ಮೂರನೆಯದು ಎಲ್ಲರಿಗೂ ಗೊತ್ತಿತ್ತು, ಪಾರ್ಟಿ ಅಂಗಡಿ ಮುಚ್ಚಿ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಅದಕ್ಕೆ ಯಾವ ತಂತ್ರಾಂಶವೂ ಮದ್ದಲ್ಲ. ಮೇಲಾಗಿ, ಮೊದಲೆರಡನ್ನು 15,000ದ ನವೀಕರಣವೂ ಹಿಡಿಯುತ್ತಿತ್ತು. ಹಾಗಾಗಿ ಈ ಸಾಲು ಎಕ್ಸೆಲ್ಲನ್ನು ಬಿಡಲು ಕಾರಣವಾಗುತ್ತದೆಯೇ ಹೊರತು ದುಬಾರಿಯದನ್ನೇ ಕೊಳ್ಳಲು ಕಾರಣವಾಗುವುದಿಲ್ಲ.

ಈಗ ಸಾವ್ಕಾರರ ಪ್ರಶ್ನೆಗೆ ಉತ್ತರ ಕೊಡಬೇಕು. ಉಳಿದ 14 ಗಂಟೆ ಎಲ್ಲಿ ಹೋಗುತ್ತದೆ? ‘ಬೇರೆ ಮುಖ್ಯ ಕೆಲಸಗಳಿಗೆ’ ಎಂದು ಬರೆದರೆ ಉತ್ತರ ಇಲ್ಲವೆಂದೇ ಅರ್ಥ. ಗಂಟೆ ರೂಪಾಯಿಯಾಗುವ ದಾರಿಗಳು ಕೆಲವೇ. ಹೊರಗಿನವರಿಗೆ ಕೊಡುತ್ತಿದ್ದ ಅರೆಕಾಲಿಕ ಕೂಲಿ ಅಥವಾ ಓಟಿ ನಿಲ್ಲಬೇಕು. ಇಲ್ಲವೇ ಬರುವ ವರ್ಷ ತೆಗೆದುಕೊಳ್ಳಬೇಕಿದ್ದ ಮೂರನೆಯ ಅಕೌಂಟೆಂಟ್ ಬೇಡವಾಗಬೇಕು. ಅದೂ ಇಲ್ಲದಿದ್ದರೆ ಆ ಗಂಟೆಗೆ ಹೆಸರಿಟ್ಟು ಒಂದು ಕೆಲಸ ಒಪ್ಪಿಸಬೇಕು. ನಮ್ಮ ಸಂಸ್ಥೆಯಲ್ಲಿ ಹೆಸರಿಡಬಹುದಾದ ಕೆಲಸವೊಂದಿದೆ, ಉದ್ರಿ ವಸೂಲಿ. 14ರಿಂದ 20ರವರೆಗೆ ತಾಳೆಯಲ್ಲಿ ಮುಳುಗಿ, ಬರಬೇಕಾದ ಬಾಕಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ. ದಿನದ ವಹಿವಾಟು 2 ಲಕ್ಷವಿರುವಲ್ಲಿ, ಬಾಕಿ ಸರಾಸರಿ ಒಂದು ದಿನ ಮುಂಚೆ ಬಂದರೂ 2 ಲಕ್ಷ ಸಿಸಿ ಖಾತೆಯಲ್ಲಿ ಕಡಿಮೆಯಾಗುತ್ತದೆ. ಬ್ಯಾಂಕ್ ಬಡ್ಡಿ ಶೇಕಡಾ 11 ಇದ್ದರೆ ವರ್ಷಕ್ಕೆ 22,000. ಇದನ್ನು ಲಾಭದ ಮೊತ್ತಕ್ಕೆ ಕೂಡಿಸಬಾರದು, ಕೂಡಿಸಿದರೆ ಅದೇ ಗಂಟೆಯನ್ನು ಎರಡು ಸಲ ಎಣಿಸಿದಂತೆ. ಆದರೆ ‘ಪಗಾರ ಕಡಿಮಿ ತಗೋತೀರೇನು’ ಎಂದವರಿಗೆ ತೋರಿಸಲು ಇದು ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಆರು ದಿನಗಳಲ್ಲಿ ಒಟ್ಟಾಗಿ ಸಿಗುವ 14 ಗಂಟೆಯನ್ನು ಬೇರೆ ಕೆಲಸಕ್ಕೆ ಹಚ್ಚಬಹುದು. ಹತ್ತು ಮಂದಿಗೆ ದಿನಕ್ಕೆ ನಾಲ್ಕು ನಿಮಿಷ ಉಳಿಸುವ ತಂತ್ರಾಂಶವೂ ತಿಂಗಳಿಗೆ ಹದಿನೇಳು ಗಂಟೆಯೆಂದು ಹಾಳೆಯ ಮೇಲೆ ತೋರಿಸುತ್ತದೆ. ಆ ನಾಲ್ಕು ನಿಮಿಷ ಚಹಾದ ಲೋಟದಲ್ಲಿ ಕರಗಿಹೋಗುತ್ತದೆ, ಅದನ್ನು ತಪ್ಪೆನ್ನುವುದೂ ನ್ಯಾಯವಲ್ಲ. ಅಂಥ ಚೂರು ಉಳಿತಾಯವನ್ನು ರೂಪಾಯಿ ಮಾಡದೆ ‘ಅನುಕೂಲ’ ಎಂದಷ್ಟೇ ಬರೆಯುವುದು ಮರ್ಯಾದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಸಾವ್ಕಾರರ ಕೈಗೆ ಹೋಗಬೇಕಾದದ್ದು ಒಂದೇ ಹಾಳೆ. ಮೊದಲ ಸಾಲಿನಲ್ಲೇ ಬೇಡಿಕೆ ಇರಬೇಕು, ಪೀಠಿಕೆ ಬೇಡ. ನಮ್ಮ ಸಂಸ್ಥೆಯ ಹಾಳೆ ಹೀಗಿರಬಹುದು:

“ಲೆಕ್ಕದ ತಂತ್ರಾಂಶದ ನವೀಕರಣಕ್ಕೆ 15,000 ರೂಪಾಯಿ ಮಂಜೂರು ಮಾಡಬೇಕು. ಜಿಎಸ್‌ಟಿ ತಾಳೆಗೆ ಈಗ ತಿಂಗಳಿಗೆ 46 ಗಂಟೆ ಹಿಡಿಯುತ್ತಿದೆ, ಎರಡು ತಿಂಗಳ ನೋಟ್‌ಬುಕ್ ಲಗತ್ತಿಸಿದೆ. ನವೀಕರಣದಿಂದ 14 ಗಂಟೆ ಉಳಿಯುವ ಅಂದಾಜಿದೆ. 9 ಗಂಟೆ ಉಳಿದರೂ ಖರ್ಚು ಹುಟ್ಟುತ್ತದೆ. ಉಳಿದ ಗಂಟೆಗಳಲ್ಲಿ ಇಬ್ಬರಲ್ಲೊಬ್ಬರು ಉದ್ರಿ ವಸೂಲಿಗೆ ಕೂರುತ್ತಾರೆ. 36,000ದ ಬೇರೆ ತಂತ್ರಾಂಶವನ್ನೂ ನಮ್ಮದೇ ಕಡತದ ಮೇಲೆ ಓಡಿಸಿ ನೋಡಿದ್ದೇವೆ, ಈಗ ಬೇಡ. ಬೆಳಗಾವಿಯಲ್ಲಿ ಗೋದಾಮು ತೆರೆದು ತಿಂಗಳ ಬಿಲ್ಲು 1,500 ದಾಟಿದರೆ ಮತ್ತೆ ಲೆಕ್ಕ ಹಾಕುತ್ತೇವೆ.”

‘9 ಗಂಟೆ ಉಳಿದರೂ’ ಎಂಬುದು ಹೇಗೆ ಬಂತೆಂದು ಓದುಗರು ಊಹಿಸಿರಬಹುದು. 15,000ವನ್ನು 12ರಿಂದ, ಮತ್ತೆ 150ರಿಂದ ಭಾಗಿಸಿದರೆ 8 ಚಿಲ್ಲರೆ. ಅಂದಾಜು ಮೂರರಲ್ಲೊಂದು ಪಾಲು ತಪ್ಪಿದರೂ ನಿರ್ಧಾರ ನಿಲ್ಲುತ್ತದೆ. 36,000ದ ತಂತ್ರಾಂಶದಲ್ಲಿ 23ಕ್ಕೂ 20ಕ್ಕೂ ನಡುವೆ ಅಷ್ಟು ಜಾಗವಿರಲಿಲ್ಲ.

ಹಾಳೆಗೆ ಸಹಿ ಬಿದ್ದ ಮೇಲೆ ನೋಟ್‌ಬುಕ್ಕನ್ನು ಮತ್ತೆ ಮೇಜಿನ ಮೇಲೆ ತರಬೇಕು. ನಾಲ್ಕನೆಯ ಮತ್ತು ಐದನೆಯ ತಿಂಗಳು ಅದೇ ಹಂತಗಳನ್ನು ಅದೇ ಕಾಲು ಗಂಟೆಯ ಲೆಕ್ಕದಲ್ಲಿ ಬರೆದು, 14 ಎಂದದ್ದು ಎಷ್ಟಾಯಿತು ಎಂದು ನೋಡಬೇಕು. ವರ್ಷದ ಚಂದಾ ಇರುವ ಹಲವು ತಂತ್ರಾಂಶಗಳು ಕಾರ್ಡಿನಿಂದ ತಾವಾಗಿಯೇ ಹಣ ಕಡಿತ ಮಾಡಿಕೊಂಡು ಮುಂದುವರಿಯುತ್ತವೆ. ಆ ದಿನಾಂಕಕ್ಕೆ ಒಂದು ತಿಂಗಳು ಮೊದಲು ‘ಮುಂದುವರಿಸಬೇಕೇ?’ ಎಂದು ಕೇಳಬೇಕಾದವರು ಯಾರು ಎಂಬುದನ್ನೂ, ನಿಲ್ಲಿಸಿದರೆ ಹಳೆಯ ತಾಳೆಯ ದಾಖಲೆಗಳನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಲು ಬರುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ಅದೇ ಹಾಳೆಯ ಕೆಳಗೆ ಬರೆದಿಡಬೇಕು.